ಹೃದಯ ಬಡಿತದಿಂದ ಕ್ಯಾಲರಿ ಲೆಕ್ಕ: ದೂರ ಓಡುವವರು ಯಾವ ಸೂತ್ರ ನಂಬಬೇಕು?

ಇಬ್ಬರು ಓಟಗಾರರನ್ನು ಊಹಿಸಿಕೊಳ್ಳಿ. ಇಬ್ಬರಿಗೂ ವಯಸ್ಸು 32, ತೂಕ 62 ಕೆಜಿ. ವಿಓ2 ಮ್ಯಾಕ್ಸ್, ಅಂದರೆ ದೇಹ ಕೆಜಿಗೆ ನಿಮಿಷಕ್ಕೆ ಬಳಸಬಲ್ಲ ಅತಿ ಹೆಚ್ಚಿನ ಆಮ್ಲಜನಕ, 62 ಮಿಲಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 12 ಕಿಮೀ ವೇಗದಲ್ಲಿ ಅಕ್ಕಪಕ್ಕದಲ್ಲೇ ಓಡುತ್ತಿದ್ದಾರೆ. ಮೊದಲನೆಯವನ ಹೃದಯ ನಿಮಿಷಕ್ಕೆ 130 ಸಲ ಬಡಿಯುತ್ತಿದೆ, ಎರಡನೆಯವನದು 152. ಇಂಟರ್‌ನೆಟ್‌ನ ಕ್ಯಾಲ್ಕುಲೇಟರ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಸೂತ್ರಕ್ಕೆ ಈ ಅಂಕಿಗಳನ್ನು ಕೊಟ್ಟರೆ ಒಂದು ಗಂಟೆಗೆ ಮೊದಲನೆಯವನಿಗೆ 655 ಕ್ಯಾಲರಿ, ಎರಡನೆಯವನಿಗೆ 854 ಎಂದು ಬರುತ್ತದೆ. ಸಾಗಿಸಿದ ತೂಕ ಒಂದೇ, ದೂರ ಒಂದೇ, ಆದರೂ 200 ಕ್ಯಾಲರಿ ವ್ಯತ್ಯಾಸ. ಇಬ್ಬರ ಸೆನ್ಸರ್‌ಗಳೂ ಸರಿಯಾಗಿಯೇ ಇವೆ. ತಪ್ಪಿರುವುದು ಸೂತ್ರ ಕೇಳದೇ ಬಿಟ್ಟ ಒಂದು ಪ್ರಶ್ನೆಯಲ್ಲಿ: ನಿನ್ನ ಗರಿಷ್ಠ ಬಡಿತ ಎಷ್ಟು? ಮೊದಲನೆಯವನ ಹೃದಯ 172ರ ಮೇಲೆ ಹೋಗುವುದಿಲ್ಲ, ಎರಡನೆಯವನದು 202ರವರೆಗೆ ಹೋಗುತ್ತದೆ.

ಈ ಬರಹ ವಾರಕ್ಕೆ ಐದಾರು ಗಂಟೆಗಿಂತ ಹೆಚ್ಚು ಓಡುವ ಅಥವಾ ಸೈಕಲ್ ತುಳಿಯುವವರಿಗೆ. ಮುಂದಿರುವ ಆಯ್ಕೆಗಳು ಐದು: ಬರೀ ಬಡಿತದ ಸೂತ್ರ, ವಿಓ2 ಮ್ಯಾಕ್ಸ್ ಸೇರಿಸಿದ ಸೂತ್ರ, ಮೀಸಲು ಬಡಿತದ ವಿಧಾನ, ಲ್ಯಾಬ್‌ನಲ್ಲಿ ತೆಗೆಸಿಕೊಂಡ ಸ್ವಂತ ಗೆರೆ, ಮತ್ತು ಬಡಿತವನ್ನೇ ಪಕ್ಕಕ್ಕಿಟ್ಟು ದೂರ ಅಥವಾ ಪವರ್ ನೋಡುವುದು.

ಯಾವುದರಿಂದ ತೂಗಬೇಕು

ಮೊದಲ ಅಳತೆಗೋಲು, ಸೂತ್ರ ಕೇಳುವ ಅಂಕಿಗಳು. ಅವುಗಳಲ್ಲಿ ಎಷ್ಟನ್ನು ನೀವು ನಿಜಕ್ಕೂ ಅಳೆದಿದ್ದೀರಿ, ಎಷ್ಟನ್ನು ಅಂದಾಜಿಗೆ ತುಂಬಿದ್ದೀರಿ? ಹೆಚ್ಚು ಅಂಕಿ ಕೇಳುವ ಸೂತ್ರಕ್ಕೆ ಅಂದಾಜಿನ ಅಂಕಿ ಕೊಟ್ಟರೆ ಅದು ಸರಳ ಸೂತ್ರಕ್ಕಿಂತ ಕೆಟ್ಟದಾಗಬಹುದು.

ಎರಡನೆಯದು ತಪ್ಪಿನ ಸ್ವಭಾವ. ಒಂದು ದಿನ ಹೆಚ್ಚು, ಇನ್ನೊಂದು ದಿನ ಕಡಿಮೆ ತೋರಿಸಿದರೆ ವಾರದ ಲೆಕ್ಕದಲ್ಲಿ ಸರಿಹೋಗುತ್ತದೆ. ಯಾವಾಗಲೂ ಒಂದೇ ಕಡೆಗೆ ವಾಲುವ ತಪ್ಪು ಮಾತ್ರ ಕೂಡುತ್ತಲೇ ಹೋಗುತ್ತದೆ. ತರಬೇತಿ ಪಡೆದ ದೇಹದ ವಿಷಯದಲ್ಲಿ ಆಗುವುದು ಈ ಎರಡನೆಯ ಬಗೆಯ ತಪ್ಪೇ.

ಮೂರನೆಯದು ಉದ್ದೇಶ. ಈ ಭಾನುವಾರದ ಓಟವನ್ನು ಹೋದ ಭಾನುವಾರದ್ದರ ಜೊತೆ ಹೋಲಿಸಲು ಅಂಕಿ ಬೇಕಿದ್ದರೆ ಯಾವ ಸೂತ್ರವಾದರೂ ಸಾಕು, ಬದಲಾಯಿಸದಿದ್ದರೆ ಆಯಿತು. ಅದನ್ನು ನೋಡಿಕೊಂಡು ತಟ್ಟೆಗೆ ಅನ್ನ ಹಾಕಿಕೊಳ್ಳುವುದಾದರೆ ಅಂಕಿಯೇ ಸರಿ ಇರಬೇಕು. ಖರ್ಚು ನಾಲ್ಕನೆಯದು. ಅದು ಸೊನ್ನೆಯಿಂದ ಶುರುವಾಗಿ, ಸೈಕಲ್ ಪೆಡಲ್‌ಗೆ ತಲುಪುವ ಶಕ್ತಿ ಅಳೆಯುವ ಪವರ್ ಮೀಟರ್‌ನ ಬೆಲೆಯವರೆಗೆ ಹೋಗುತ್ತದೆ.

ಬರೀ ಬಡಿತದ ಸೂತ್ರ

ಕ್ಯಾಲ್ಕುಲೇಟರ್‌ಗಳಲ್ಲಿ ಹೆಚ್ಚಾಗಿ ಕಾಣುವುದು 2005ರಲ್ಲಿ ಕೀಟೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಸಮೀಕರಣ. 18ರಿಂದ 45 ವಯಸ್ಸಿನ, ನಿಯಮಿತವಾಗಿ ವ್ಯಾಯಾಮ ಮಾಡುವ 115 ಜನರನ್ನು ಟ್ರೆಡ್‌ಮಿಲ್ ಅಥವಾ ಸೈಕಲ್ ಮೇಲೆ ಒಂದೇ ಸಮನಾದ ಶ್ರಮದಲ್ಲಿ ಇಟ್ಟು, ಅವರ ಉಸಿರು ಅಳೆದು ಇದನ್ನು ಕಟ್ಟಿದರು.

```
ಪುರುಷ: kJ/min = -55.0969 + 0.6309*HR + 0.1988*W + 0.2017*A
ಮಹಿಳೆ: kJ/min = -20.4022 + 0.4472*HR - 0.1263*W + 0.0740*A
```

`HR` ನಿಮಿಷದ ಬಡಿತ, `W` ಕೆಜಿಯಲ್ಲಿ ತೂಕ, `A` ವಯಸ್ಸು. ಬಂದದ್ದನ್ನು 4.184ರಿಂದ ಭಾಗಿಸಿದರೆ ನಿಮಿಷದ ಕ್ಯಾಲರಿ.

ಮಹಿಳೆಯರ ಸಾಲಿನಲ್ಲಿ ತೂಕದ ಮುಂದಿರುವ ಋಣಚಿಹ್ನೆಯನ್ನು ಗಮನಿಸಿ. ಅದು ಅಚ್ಚಿನ ತಪ್ಪಲ್ಲ. ತೂಕ ಹೆಚ್ಚಿದಂತೆ ಕ್ಯಾಲರಿ ಕಡಿಮೆ ಎಂದು ಸೂತ್ರ ಹೇಳುತ್ತಿದೆ! ಭಾರ ಹೊತ್ತು ಓಡುವವರ ಮಟ್ಟಿಗೆ ಇದು ಅಸಂಬದ್ಧವೇ. ಆದರೆ ಇದು ದೇಹ ಹೇಗೆ ಕೆಲಸ ಮಾಡುತ್ತದೆ ಎಂಬುದರ ಸೂತ್ರವಲ್ಲ, ಒಂದು ಗುಂಪಿನ ಜನರ ಅಂಕಿಗಳಿಗೆ ಹೊಂದುವ ಗೆರೆ. ಅಂಥ ಗೆರೆಯಲ್ಲಿ ತೂಕ, ವಯಸ್ಸುಗಳು ತಾವೊಂದೇ ಆಗಿ ಬರುವುದಿಲ್ಲ, ಕೇಳದೇ ಬಿಟ್ಟ ದೇಹದಾರ್ಢ್ಯದ ನೆರಳನ್ನೂ ಹೊತ್ತು ತರುತ್ತವೆ.

ಸೂತ್ರದ ಮಿತಿ ಎಲ್ಲಿದೆ ಎಂದು ತಿಳಿಯಲು ಸುಲಭದ ದಾರಿಯಿದೆ. ನಮ್ಮ ಮೊದಲ ಓಟಗಾರನ ವಿಶ್ರಾಂತ ಬಡಿತ 40. ಅದನ್ನೇ ಸೂತ್ರಕ್ಕೆ ಹಾಕಿದರೆ ನಿಮಿಷಕ್ಕೆ ಮೈನಸ್ 2.6 ಕ್ಯಾಲರಿ ಬರುತ್ತದೆ. ಮಲಗಿದವನು ಶಕ್ತಿ ಉತ್ಪಾದಿಸುತ್ತಿದ್ದಾನೆ ಎಂದಾಯಿತು. ಅವನ ಪಾಲಿಗೆ ಈ ಗೆರೆ ಸೊನ್ನೆ ದಾಟುವುದೇ 58ರ ಆಸುಪಾಸಿನಲ್ಲಿ. ಸೂತ್ರ ಕಟ್ಟಿದವರು ಗರಿಷ್ಠ ಬಡಿತದ ಸುಮಾರು 57, 77 ಮತ್ತು 90 ಶೇಕಡಾದಲ್ಲಿ ಅಳೆದಿದ್ದರು. ಅದರ ಕೆಳಗೆ ಬಳಸಿ ಎಂದು ಅವರು ಹೇಳಲೂ ಇಲ್ಲ. ಆದರೆ ಇಡೀ ದಿನದ ಬಡಿತಕ್ಕೂ ಅದನ್ನೇ ಅಂಟಿಸುವ ಆಪ್‌ಗೆ ಇದೆಲ್ಲ ಯಾಕೆ ಬೇಕು.

ಕೆಳತುದಿಯ ಈ ವಾಲು ತರಬೇತಿ ಪಡೆದವರಿಗೆ ಮೆಲ್ಲನೆ ಓಡುವ ದಿನ ಕಾಣಿಸುತ್ತದೆ. ಮೊದಲನೆಯವ ಚೇತರಿಕೆಯ ಓಟಕ್ಕೆ ಗಂಟೆಗೆ 8 ಕಿಮೀ ವೇಗದಲ್ಲಿ, 100 ಬಡಿತದಲ್ಲಿ ಹೋದ ಎನ್ನಿ. ಸೂತ್ರ ಹೇಳುವುದು 384 ಕ್ಯಾಲರಿ. ಓಟದಲ್ಲಿ ಒಂದು ಕೆಜಿಗೆ ಒಂದು ಕಿಮೀಗೆ ಸುಮಾರು ಒಂದು ಕ್ಯಾಲರಿ ಎಂಬ ಹಳೆಯ ಲೆಕ್ಕ ಹಾಕಿದರೆ 62 × 8 = 496. ಸೂತ್ರ ಕಾಲು ಭಾಗದಷ್ಟು ಹಿಂದೆ ಬಿದ್ದಿದೆ. 12 ಕಿಮೀ ವೇಗದ ಓಟದಲ್ಲಿ 744 ಇರಬೇಕಾದಲ್ಲಿ 655 ಎಂದಿತ್ತು. ವಾರಕ್ಕೆ ನಾಲ್ಕು ಗಂಟೆ ನಿಧಾನ, ನಾಲ್ಕು ಗಂಟೆ ಮಧ್ಯಮ ವೇಗ ಎಂದರೆ ವಾರದ ಕೊರತೆ 800 ಕ್ಯಾಲರಿ ದಾಟುತ್ತದೆ. ಸೂತ್ರ ನೋಡಿ ಉಣ್ಣುವವನು ಅಷ್ಟು ಕಡಿಮೆ ಉಣ್ಣುತ್ತಾನೆ. ಎರಡನೆಯವನಿಗೆ ಅದೇ ಸೂತ್ರ ಗಂಟೆಗೆ 110 ಕ್ಯಾಲರಿ ಹೆಚ್ಚು ಹೇಳಿ, ಇಲ್ಲದ ಹಸಿವನ್ನು ಕಲಿಸುತ್ತದೆ.

ಕಾರಣ ಒಂದೊಂದು ಬಡಿತಕ್ಕೆ ಸಾಗುವ ಆಮ್ಲಜನಕದಲ್ಲಿದೆ. ವರ್ಷಗಟ್ಟಲೆ ದೂರ ಓಡಿದ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. 12 ಕಿಮೀ ವೇಗದಲ್ಲಿ ಮೊದಲನೆಯವನು ಬಡಿತವೊಂದಕ್ಕೆ ಸುಮಾರು 21 ಮಿಲಿ ಆಮ್ಲಜನಕ ಬಳಸುತ್ತಿದ್ದಾನೆ, ಎರಡನೆಯವನು ಸುಮಾರು 18. ಇದೇ ತೂಕದ, ವಿಓ2 ಮ್ಯಾಕ್ಸ್ 40 ಇರುವವನು ತನ್ನ 188ರ ಗರಿಷ್ಠದಲ್ಲಿ ಏದುಸಿರು ಬಿಡುವಾಗಲೂ 13ರ ಆಸುಪಾಸಿನಲ್ಲೇ ಇರುತ್ತಾನೆ. ಸೂತ್ರವೋ ಎಲ್ಲರ ಬಡಿತಕ್ಕೂ ಒಂದೇ ಬೆಲೆ ಕಟ್ಟುತ್ತದೆ.

ಹೊಸದಾಗಿ ಓಟ ಶುರುಮಾಡಿದವರಿಗೆ, ಗರಿಷ್ಠ ಬಡಿತ ವಯಸ್ಸಿಗೆ ತಕ್ಕಂತೆ ಇರುವವರಿಗೆ ಇದು ಪರವಾಗಿಲ್ಲ. 32 ವಯಸ್ಸಿನ, 62 ಕೆಜಿಯ, ಗರಿಷ್ಠ 186 ಇರುವ ಓಟಗಾರ 12 ಕಿಮೀ ವೇಗದಲ್ಲಿ ಸುಮಾರು 140 ಬಡಿತದಲ್ಲಿರುತ್ತಾನೆ. ಆಗ ಇದೇ ಸೂತ್ರ 746 ಕೊಡುತ್ತದೆ, ಅಂದರೆ ಹೆಚ್ಚುಕಡಿಮೆ ಸರಿ. ಸರಾಸರಿಯ ಜನ ತೃಪ್ತರಾಗಿರುವುದು, ಅಂಚಿನಲ್ಲಿರುವವರು ಗೊಂದಲಕ್ಕೆ ಬೀಳುವುದು ಇದರಿಂದಲೇ.

ವಿಓ2 ಮ್ಯಾಕ್ಸ್ ಸೇರಿಸಿದರೆ?

ಅದೇ ಅಧ್ಯಯನದ ಎರಡನೇ ಸೂತ್ರ ದೇಹದಾರ್ಢ್ಯವನ್ನೂ ಕೇಳುತ್ತದೆ.

```
ಪುರುಷ: kJ/min = -95.7735 + 0.634*HR + 0.404*VO2max + 0.394*W + 0.271*A
ಮಹಿಳೆ: kJ/min = -59.3954 + 0.450*HR + 0.380*VO2max + 0.103*W + 0.274*A
```

ಇಡೀ ಗುಂಪಿನ ಮಟ್ಟಿಗೆ ಇದು ಮೊದಲನೆಯದಕ್ಕಿಂತ ಖಂಡಿತ ಉತ್ತಮ. ಮಹಿಳೆಯರ ತೂಕದ ಚಿಹ್ನೆಯೂ ಧನಕ್ಕೆ ತಿರುಗಿದೆ. ಆದರೆ ನಮ್ಮ ಇಬ್ಬರಿಗೆ ಹಾಕಿ ನೋಡಿ: 642 ಮತ್ತು 842. ಅಂತರ 200ರಲ್ಲೇ ನಿಂತಿದೆ, ಯಾಕೆಂದರೆ ಇಬ್ಬರ ವಿಓ2 ಮ್ಯಾಕ್ಸ್ ಒಂದೇ, ಗರಿಷ್ಠ ಬಡಿತವನ್ನು ಈ ಸೂತ್ರವೂ ಕೇಳುವುದಿಲ್ಲ. ವಿಓ2 ಮ್ಯಾಕ್ಸ್ ಹತ್ತು ಏರಿದರೆ ಗಂಟೆಗೆ ಸೇರುವುದು 58 ಕ್ಯಾಲರಿ, ಬಡಿತ ಹತ್ತು ಏರಿದರೆ 91. ತರಬೇತಿಯಿಂದ ಅದೇ ವೇಗದಲ್ಲಿ ಬಡಿತ ಹತ್ತು ಇಳಿದು, ವಿಓ2 ಮ್ಯಾಕ್ಸ್ ನಾಲ್ಕೈದು ಏರಿದವರಿಗೆ ಸೂತ್ರ ಒಟ್ಟಾರೆ ಕಡಿಮೆಯೇ ತೋರಿಸುತ್ತದೆ. ಖರ್ಚಾದ ಶಕ್ತಿ ಮಾತ್ರ ಹೆಚ್ಚೇನೂ ಬದಲಾಗಿರುವುದಿಲ್ಲ.

ವಾಚ್ ಹೇಳುವ ವಿಓ2 ಮ್ಯಾಕ್ಸ್ ಇಲ್ಲಿ ಇನ್ನೊಂದು ತೊಡಕು. ವಾಚ್ ಅದನ್ನು ನಿಮ್ಮ ವೇಗ, ಬಡಿತ ಮತ್ತು ತಾನು ನಂಬಿರುವ ಗರಿಷ್ಠ ಬಡಿತದಿಂದ ಲೆಕ್ಕ ಹಾಕಿರುತ್ತದೆ. ಗರಿಷ್ಠ ತಪ್ಪಿದ್ದರೆ ಅದೇ ತಪ್ಪು ಇಲ್ಲೂ ಒಳಬರುತ್ತದೆ.

ಮೀಸಲು ಬಡಿತದ ವಿಧಾನ

ವಿಶ್ರಾಂತ ಬಡಿತದಿಂದ ಗರಿಷ್ಠ ಬಡಿತದವರೆಗಿನ ಅಂತರದಲ್ಲಿ ನೀವು ಎಷ್ಟು ಪಾಲು ಮೇಲೇರಿದ್ದೀರಿ ಎಂಬುದೂ, ವಿಶ್ರಾಂತಿಯಿಂದ ವಿಓ2 ಮ್ಯಾಕ್ಸ್‌ವರೆಗಿನ ಆಮ್ಲಜನಕದಲ್ಲಿ ಎಷ್ಟು ಪಾಲು ಬಳಸುತ್ತಿದ್ದೀರಿ ಎಂಬುದೂ ಹೆಚ್ಚುಕಡಿಮೆ ಒಂದೇ. ಸ್ವೇನ್ ಮತ್ತು ಲ್ಯೂಟ್‌ಹೋಲ್ಟ್ಸ್ 1997ರಲ್ಲಿ ಇದನ್ನು ತೋರಿಸಿದರು. ಲೆಕ್ಕ ಹೀಗೆ:

```
f = (HR - HRrest) / (HRmax - HRrest)
VO2 = 3.5 + f * (VO2max - 3.5)
kcal/min = VO2 * W / 1000 * 4.9
```

ಕೊನೆಯ 4.9 ಎಂದರೆ ಒಂದು ಲೀಟರ್ ಆಮ್ಲಜನಕಕ್ಕೆ ಸಿಗುವ ಕ್ಯಾಲರಿ. ಕೊಬ್ಬನ್ನೇ ಉರಿಸುವಾಗ ಅದು 4.7ಕ್ಕೆ ಇಳಿಯುತ್ತದೆ, ಪಿಷ್ಟವನ್ನೇ ಉರಿಸುವಾಗ 5ಕ್ಕೆ ಏರುತ್ತದೆ. ಆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೊದಲನೆಯವನಿಗೆ ಪಾಲು 90 ÷ 132, ಅಂದರೆ 0.68. ಎರಡನೆಯವನ ವಿಶ್ರಾಂತ ಬಡಿತ 44, ಹಾಗಾಗಿ 108 ÷ 158, ಅದೂ 0.68. ಇಬ್ಬರಿಗೂ ಗಂಟೆಗೆ ಸುಮಾರು 790 ಕ್ಯಾಲರಿ. 200ರ ಅಂತರ ಮಾಯವಾಯಿತು. ದೂರದ ಲೆಕ್ಕ ಹೇಳಿದ 744ಕ್ಕಿಂತ ಆರು ಶೇಕಡಾ ಹೆಚ್ಚು, ಅಷ್ಟೆ.

ಇದಕ್ಕೆ ತೆರಬೇಕಾದ ಬೆಲೆ ಎಂದರೆ ಮೂರು ಅಂಕಿಗಳನ್ನು ನಿಜವಾಗಿ ಅಳೆಯುವುದು. 220ರಿಂದ ವಯಸ್ಸು ಕಳೆದು ಇಬ್ಬರಿಗೂ ಗರಿಷ್ಠ 188 ಎಂದು ತುಂಬಿದರೆ ಮೊದಲನೆಯವನಿಗೆ 712, ಎರಡನೆಯವನಿಗೆ 864 ಬರುತ್ತದೆ. ಹಳೆಯ ರೋಗ ಮುಕ್ಕಾಲು ಮರಳಿತು.

ಗರಿಷ್ಠ ಬಡಿತ ಕಂಡುಕೊಳ್ಳಲು ಎದೆಪಟ್ಟಿ ಕಟ್ಟಿಕೊಂಡು, ಹಿಂದಿನ ದಿನ ವಿಶ್ರಾಂತಿ ಪಡೆದು, 15 ನಿಮಿಷ ಮೈ ಬಿಸಿ ಮಾಡಿ. ಎರಡೂವರೆ ಮೂರು ನಿಮಿಷ ಹಿಡಿಯುವ ಏರಿನಲ್ಲಿ ಮೂರು ಸಲ ಜೋರಾಗಿ ಹತ್ತಿ, ಮೂರನೆಯ ಸಲ ಕೊನೆಯ ನಿಮಿಷ ಇರುವ ಶಕ್ತಿಯೆಲ್ಲ ಹಾಕಿ. ಆಗ ಕಂಡ ಅತಿ ಹೆಚ್ಚಿನ ಅಂಕಿಯೇ ನಿಮ್ಮದು. ಎದೆನೋವು, ತಲೆಸುತ್ತು ಅಥವಾ ಹೃದಯದ ತೊಂದರೆಯ ಹಿನ್ನೆಲೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು. ವಿಶ್ರಾಂತ ಬಡಿತವನ್ನು ಐದು ಬೆಳಗ್ಗೆ ಹಾಸಿಗೆಯಿಂದ ಏಳುವ ಮುಂಚೆ ನೋಡಿ ಸರಾಸರಿ ತೆಗೆಯಿರಿ. ವಿಓ2 ಮ್ಯಾಕ್ಸ್‌ಗೆ ಕೂಪರ್ ಪರೀಕ್ಷೆ ಸಾಕು: ಟ್ರ್ಯಾಕ್‌ನಲ್ಲಿ 12 ನಿಮಿಷ ಆದಷ್ಟು ದೂರ ಓಡಿ, ಮೀಟರ್‌ನಲ್ಲಿ ಬಂದ ದೂರದಿಂದ 504.9 ಕಳೆದು 44.73ರಿಂದ ಭಾಗಿಸಿ. 3280 ಮೀಟರ್ ಓಡಿದವರಿಗೆ 62 ಬರುತ್ತದೆ. ಇದರಲ್ಲಿ ಐದರಷ್ಟು ತಪ್ಪಿದರೂ ಮೇಲಿನ ವೇಗದಲ್ಲಿ ಗಂಟೆಗೆ 60 ಕ್ಯಾಲರಿ ಆಚೀಚೆ ಆಗುತ್ತದೆ.

ಮಹಿಳೆಯರಿಗೆ ಈ ವಿಧಾನದಿಂದ ಆಗುವ ಲಾಭ ಇನ್ನೂ ಹೆಚ್ಚಿರಬಹುದು. 30 ವಯಸ್ಸು, 55 ಕೆಜಿ, ವಿಶ್ರಾಂತ ಬಡಿತ 45, ಗರಿಷ್ಠ 184, ವಿಓ2 ಮ್ಯಾಕ್ಸ್ 55 ಇರುವ ಓಟಗಾರ್ತಿ 140 ಬಡಿತದಲ್ಲಿ ಗಂಟೆಗೆ 11 ಕಿಮೀ ಓಡಿದರೆ ಬರೀ ಬಡಿತದ ಸೂತ್ರ 537 ಎನ್ನುತ್ತದೆ, ವಿಓ2 ಮ್ಯಾಕ್ಸ್ ಸೇರಿಸಿದ್ದು 551. ಮೀಸಲು ವಿಧಾನ 626, ದೂರದ ಲೆಕ್ಕ 605. ಇವಳ ಗರಿಷ್ಠ ಬಡಿತದಲ್ಲಿ ವಿಚಿತ್ರವೇನೂ ಇಲ್ಲ, ಆದರೂ ಮೊದಲೆರಡು ಸೂತ್ರಗಳು ಹಿಂದೆ ಬಿದ್ದಿವೆ.

ಎಲ್ಲ ಬಡಿತ ಸೂತ್ರಗಳೂ ಎಡವುವ ಜಾಗ

ಏಪ್ರಿಲ್‌ನ ಮಂಗಳೂರಿನ ಸೆಕೆಯಲ್ಲಿ ಎರಡು ಗಂಟೆ ಓಡಿದವರಿಗೆ ಇದು ಗೊತ್ತು: ವೇಗ ಬದಲಾಗಿಲ್ಲ, ಬಡಿತ ಮಾತ್ರ ಮೇಲೇರುತ್ತಲೇ ಇದೆ. ರಕ್ತದ ಒಂದು ಪಾಲು ಚರ್ಮ ತಣಿಸಲು ಹೋಗುತ್ತದೆ, ಬೆವರಿನಿಂದ ರಕ್ತದ ಪ್ರಮಾಣ ಕುಗ್ಗುತ್ತದೆ, ಪ್ರತಿ ಬಡಿತಕ್ಕೆ ಸಾಗುವುದು ಕಡಿಮೆಯಾಗುತ್ತದೆ. ಹೃದಯ ಆ ಕೊರತೆಯನ್ನು ಬಡಿತ ಹೆಚ್ಚಿಸಿ ತುಂಬುತ್ತದೆ. ಸ್ನಾಯುಗಳ ಆಮ್ಲಜನಕದ ಬಳಕೆ ಅಷ್ಟೇನೂ ಏರಿರುವುದಿಲ್ಲ. ಆದರೆ 12 ಬಡಿತ ಏರಿದ ಗಂಟೆಗೆ ಬರೀ ಬಡಿತದ ಸೂತ್ರ 109 ಕ್ಯಾಲರಿ ಹೆಚ್ಚು ಸೇರಿಸುತ್ತದೆ. ಮೀಸಲು ವಿಧಾನವೂ ಮೊದಲನೆಯವನಿಗೆ ಸುಮಾರು 97 ಸೇರಿಸುತ್ತದೆ. ವೇಗ ಒಂದೇ ಸಮನಿದ್ದರೆ 10ನೇ ನಿಮಿಷದಿಂದ 30ನೇ ನಿಮಿಷದವರೆಗಿನ ಸರಾಸರಿ ಬಡಿತವನ್ನು ತೆಗೆದು, ಅದನ್ನೇ ಇಡೀ ಓಟಕ್ಕೆ ಹಚ್ಚುವುದು ಇದಕ್ಕೆ ಪರಿಹಾರ.

ಇಂಟರ್‌ವಲ್ ದಿನಗಳಲ್ಲಿ ಬಡಿತ ಯಾವಾಗಲೂ ಕೆಲಸದ ಹಿಂದೆಯೇ ಇರುತ್ತದೆ. ಜೋರು ಶುರುವಾದಾಗ ತಡವಾಗಿ ಏರುತ್ತದೆ, ನಿಂತ ಮೇಲೂ ತಡವಾಗಿ ಇಳಿಯುತ್ತದೆ. ಈ ಸೂತ್ರಗಳೆಲ್ಲ ಸಮನಾದ ಶ್ರಮಕ್ಕೆ ಹುಟ್ಟಿದವು. ಹಾಗಾಗಿ 400 ಮೀಟರ್ ಸುತ್ತುಗಳ ದಿನ ಅವುಗಳ ಅಂಕಿಗೆ ಹೆಚ್ಚು ಬೆಲೆ ಕೊಡಬೇಡಿ.

ಮಣಿಕಟ್ಟಿನ ಸೆನ್ಸರ್ ಕೆಲವೊಮ್ಮೆ ಬಡಿತ ಬಿಟ್ಟು ಹೆಜ್ಜೆಗಳನ್ನು ಎಣಿಸತೊಡಗುತ್ತದೆ. ಹಾಯಾಗಿ ಮಾತಾಡಿಕೊಂಡು ಓಡುವಾಗ ವಾಚ್ 172 ತೋರಿಸಿದರೆ ನಿಮಿಷದ ಹೆಜ್ಜೆಯ ಅಂಕಿಯನ್ನೂ ನೋಡಿ. ಎರಡೂ ಒಂದೇ ಆಗಿದ್ದರೆ ಆ ದಿನದ ಕ್ಯಾಲರಿಯನ್ನು ಅಳಿಸಿಬಿಡಿ.

ಲ್ಯಾಬ್, ದೂರ, ಪವರ್

ಬೆಂಗಳೂರಿನಂಥ ಊರುಗಳಲ್ಲಿ ಮುಖವಾಡ ಹಾಕಿ ಉಸಿರು ಅಳೆಯುವ ಲ್ಯಾಬ್‌ಗಳಿವೆ. ಅಲ್ಲಿ ಹೋದರೆ ಬರೀ ವಿಓ2 ಮ್ಯಾಕ್ಸ್ ಕೇಳಿ ಬರಬೇಡಿ. ನಾಲ್ಕೈದು ವೇಗಗಳಲ್ಲಿ ತಲಾ ನಾಲ್ಕು ನಿಮಿಷ ಓಡಿಸಿ, ಪ್ರತಿ ಹಂತದ ಕೊನೆಯ ನಿಮಿಷದ ಬಡಿತ ಮತ್ತು ಆಮ್ಲಜನಕದ ಪಟ್ಟಿ ಕೊಡಿ ಎಂದು ಕೇಳಿ. ಆ ಪಟ್ಟಿಯಿಂದ ಎಳೆದ ಗೆರೆ ನಿಮ್ಮದೇ ಸೂತ್ರ. ಆದರೆ ಅದು ಓಟಕ್ಕಷ್ಟೇ ಸಲ್ಲುತ್ತದೆ, ಸೈಕಲ್‌ಗೆ ಬೇರೆ ಗೆರೆ ಬೇಕು. ತರಬೇತಿಯಿಂದ ದೇಹ ಬದಲಾದಂತೆ ಗೆರೆಯೂ ಹಳತಾಗುತ್ತದೆ. ಸ್ಪರ್ಧೆಗಾಗಿ ತೂಕ ಇಳಿಸುತ್ತಿರುವವರಿಗೆ ಈ ಖರ್ಚು ಸಮಂಜಸ, ಉಳಿದವರಿಗೆ ಬೇಕಾಗಿಲ್ಲ.

ಸಮತಟ್ಟು ರಸ್ತೆಯಲ್ಲಿ ಓಡುವವರಿಗೆ ತೂಕ × ಕಿಮೀ ಎಂಬ ಬಿಟ್ಟಿ ಲೆಕ್ಕ ಎಷ್ಟೋ ವಾಚ್‌ಗಳಿಗಿಂತ ವಾಸಿ. ಸೆಕೆ, ಕಾಫಿ, ನಿದ್ದೆಗೇಡು ಯಾವುದೂ ಅದನ್ನು ಅಲುಗಿಸುವುದಿಲ್ಲ. ಘಟ್ಟದ ಏರುತಗ್ಗು, ಮರಳು, ಕೆಸರು ಬಂದ ಕೂಡಲೇ ಮಾತ್ರ ಅದು ಕೈಕೊಡುತ್ತದೆ. ಅಂಥ ಕಡೆ ಸರಿಯಾಗಿ ಅಳೆದ ಮೀಸಲು ಬಡಿತವೇ ಮೇಲು.

ಸೈಕಲ್‌ನವರಿಗೆ ಪವರ್ ಮೀಟರ್ ಇದ್ದರೆ ಬಡಿತದ ಗೊಡವೆಯೇ ಬೇಡ. ಮೀಟರ್ ತೋರಿಸುವ ಕಿಲೋಜೂಲ್ ಅನ್ನೇ ಕ್ಯಾಲರಿ ಎಂದುಕೊಳ್ಳಬಹುದು, ಯಾಕೆಂದರೆ ದೇಹದ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ತುಸು ಕಡಿಮೆ ಪೆಡಲ್ ತಲುಪುತ್ತದೆ, ಒಂದು ಕ್ಯಾಲರಿ 4.184 ಕಿಲೋಜೂಲ್. ಇವೆರಡೂ ಒಂದನ್ನೊಂದು ಹೊಡೆದುಹಾಕುತ್ತವೆ. 200 ವ್ಯಾಟ್‌ನಲ್ಲಿ ಎರಡು ಗಂಟೆ ಎಂದರೆ 1440 ಕಿಲೋಜೂಲ್. ನಿಮ್ಮ ದಕ್ಷತೆ 24 ಶೇಕಡಾ ಇದ್ದರೆ 1434 ಕ್ಯಾಲರಿ, 22 ಇದ್ದರೆ 1564. ಇಲ್ಲಿ ಗೊತ್ತಿಲ್ಲದಿರುವುದು ಆ ದಕ್ಷತೆ ಮಾತ್ರ, ಮತ್ತು ಅದು ದಿನದಿಂದ ದಿನಕ್ಕೆ ಬಡಿತದಷ್ಟು ಕುಣಿಯುವುದಿಲ್ಲ.

ಯಾರಿಗೆ ಯಾವುದು

ಖರ್ಚು ಮಾಡದೆ, ಸಮತಟ್ಟಿನಲ್ಲಿ ಓಡುವವರು ದೂರದ ಲೆಕ್ಕ ಹಿಡಿಯಿರಿ. ಗುಡ್ಡದಲ್ಲಿ ಓಡುವವರು, ಅಥವಾ ಪವರ್ ಮೀಟರ್ ಇಲ್ಲದೆ ಸೈಕಲ್ ತುಳಿಯುವವರು ಎದೆಪಟ್ಟಿಯೊಂದಕ್ಕೆ ದುಡ್ಡು ಹಾಕಿ, ಮೇಲೆ ಹೇಳಿದ ಮೂರು ಅಂಕಿ ಅಳೆದು, ಮೀಸಲು ವಿಧಾನ ಬಳಸಿ. ಸೈಕಲ್‌ಗೆ ಗರಿಷ್ಠ ಬಡಿತವನ್ನು ಸೈಕಲ್ ಮೇಲೇ ಅಳೆಯಬೇಕು. ಓಟದಲ್ಲಿ ಬಂದದ್ದಕ್ಕಿಂತ ಐದಾರು ಕಡಿಮೆ ಬರುವುದು ಮಾಮೂಲು. ವಾಚನ್ನೇ ನಂಬುವವರು ಅದರ ಸೆಟ್ಟಿಂಗ್‌ನಲ್ಲಿ ವಯಸ್ಸಿನಿಂದ ಬಂದ ಗರಿಷ್ಠ ಬಡಿತ ತೆಗೆದು ನಿಮ್ಮದನ್ನು ತುಂಬಿ.

ಯಾವುದನ್ನು ಆರಿಸಿದರೂ ಬಂದ ಅಂಕಿಯಲ್ಲಿ ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದ ಕ್ಯಾಲರಿ ಸೇರಿದೆ, ಕೆಜಿಗೆ ಗಂಟೆಗೆ ಸುಮಾರು ಒಂದು. ದಿನದ ಮೂಲ ಖರ್ಚಿನ ಮೇಲೆ ಇದನ್ನು ಕೂಡಿಸುವವರು 62 ಕೆಜಿಗೆ ಗಂಟೆಗೆ 62 ಕಳೆದೇ ಕೂಡಿಸಬೇಕು. ವಾರಕ್ಕೆ ಹತ್ತು ಗಂಟೆ ಓಡುವವರಿಗೆ ಅದೇ 620 ಆಯಿತು.

ನಿಮ್ಮ ವಾಚ್ ಎತ್ತ ವಾಲುತ್ತಿದೆ ಎಂದು ತಿಳಿಯಲು ತಂಪಾದ ಬೆಳಗ್ಗೆಯೊಂದರಲ್ಲಿ 40 ನಿಮಿಷ ಸಮತಟ್ಟಿನಲ್ಲಿ ಒಂದೇ ವೇಗದಲ್ಲಿ ಓಡಿ, ಅದು ಹೇಳಿದ ಕ್ಯಾಲರಿಯನ್ನು ತೂಕ × ಕಿಮೀಯಿಂದ ಭಾಗಿಸಿ. 0.9ರಿಂದ 1.1ರ ಒಳಗಿದ್ದರೆ ಹಾಗೇ ಬಿಡಿ. 0.85 ಬಂದರೆ ಆ ವೇಗದ ಅಂಕಿಗಳನ್ನು 0.85ರಿಂದ ಭಾಗಿಸಿಕೊಳ್ಳಿ. ನಿಧಾನದ ಓಟಕ್ಕೆ ಇದೇ ಪರೀಕ್ಷೆಯನ್ನು ಇನ್ನೊಂದು ದಿನ ಬೇರೆಯಾಗಿ ಮಾಡಿ. ಮೊದಲ ಓಟಗಾರನಿಗೆ 12 ಕಿಮೀ ವೇಗದಲ್ಲಿ 0.88 ಇದ್ದದ್ದು 8 ಕಿಮೀ ವೇಗದಲ್ಲಿ 0.77ಕ್ಕೆ ಇಳಿದಿತ್ತು.